ಓವನ್‌ನಲ್ಲಿ ಇಡೀ ಕೋಳಿ ರೋಸ್ಟ್: ತೂಕಕ್ಕೆ ತಕ್ಕ ಸಮಯ, ತೊಡೆಯ ಕೀಲಿನಲ್ಲಿ ತೀರ್ಮಾನ

ಇಡೀ ಕೋಳಿ ರೋಸ್ಟ್ ಮಾಡುವಾಗ ಕೈಕೊಡುವುದು ಮಸಾಲೆಯಲ್ಲ, ಕೋಳಿಯ ಆಕಾರ. ಎದೆ ಮೇಲಕ್ಕೆ ಉಬ್ಬಿಕೊಂಡು ನೇರವಾಗಿ ಬಿಸಿಗೆ ಒಡ್ಡಿಕೊಂಡಿರುತ್ತದೆ. ತೊಡೆ ಪಕ್ಕಕ್ಕೆ ಒತ್ತಿಕೊಂಡು, ದಪ್ಪ ಮೂಳೆಯ ಸುತ್ತ, ಮೈಯ ಮರೆಯಲ್ಲಿ ಕೂತಿರುತ್ತದೆ. ಆದರೆ ಹೆಚ್ಚು ಬೇಯಬೇಕಾದದ್ದು ಅದೇ ತೊಡೆ. ಎದೆಯ ಮಾಂಸ 74 ಡಿಗ್ರಿ ಸೆಲ್ಸಿಯಸ್ ತಲುಪಿದರೆ ಮುಗಿಯಿತು, ಅಲ್ಲಿಂದ ಮುಂದೆ ಪ್ರತಿ ಡಿಗ್ರಿಗೂ ಒಣಗುತ್ತಾ ಹೋಗುತ್ತದೆ. ತೊಡೆ 74ಕ್ಕೆ ತಿನ್ನಲು ಸುರಕ್ಷಿತವೇನೋ ಹೌದು, ಆದರೆ ಅದರೊಳಗಿನ ನಾರು ಇನ್ನೂ ಬಿಟ್ಟಿರುವುದಿಲ್ಲ. ಹಲ್ಲಿಗೆ ರಬ್ಬರಿನಂತೆ ಸಿಗುತ್ತದೆ. ತೊಡೆ ಮೆತ್ತಗಾಗುವುದು 80ರ ಆಸುಪಾಸಿನಲ್ಲಿ. ಈ ಎರಡೂ ಒಂದೇ ಹೊತ್ತಿಗೆ ತಯಾರಾಗುವಂತೆ ನೋಡಿಕೊಳ್ಳುವುದೇ ಇಲ್ಲಿನ ಕೆಲಸ. ಗಡಿಯಾರ ಯಾವಾಗ ನೋಡಲು ಶುರು ಮಾಡಬೇಕು ಎಂದು ಹೇಳುತ್ತದೆ. ಯಾವಾಗ ತೆಗೆಯಬೇಕು ಎಂಬುದನ್ನು ತೊಡೆಯ ಕೀಲು ಹೇಳುತ್ತದೆ.

ಇಲ್ಲಿ ಲೆಕ್ಕಕ್ಕೆ ತೆಗೆದುಕೊಂಡಿರುವುದು ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿರುವ 30ರಿಂದ 40 ಲೀಟರಿನ ಒಟಿಜಿ ಓವನ್ ಮತ್ತು ಚರ್ಮ ಸಮೇತ ಇರುವ 1.4 ಕೆಜಿ ಬ್ರಾಯ್ಲರ್ ಕೋಳಿ. ನಾಲ್ಕೈದು ಜನಕ್ಕೆ ಸಾಕಾಗುತ್ತದೆ.

ಅಂಗಡಿಯಲ್ಲಿ ಏನು ಕೇಳಬೇಕು

ಕೋಳಿ ಅಂಗಡಿಯವರು ರೂಢಿಯಂತೆ ರೆಕ್ಕೆಪುಕ್ಕದ ಜೊತೆ ಚರ್ಮವನ್ನೂ ಒಟ್ಟಿಗೆ ಎಳೆದು ತೆಗೆದುಬಿಡುತ್ತಾರೆ. ಅವರಿಗೆ ಅದೇ ಸುಲಭ. ಆದ್ದರಿಂದ ಕತ್ತಿಗೆ ಕೈ ಹಾಕುವ ಮೊದಲೇ "ವಿತ್ ಸ್ಕಿನ್ ಬೇಕು, ಪೀಸ್ ಮಾಡಬೇಡಿ, ಇಡಿಯಾಗಿ ಕೊಡಿ" ಎಂದು ಹೇಳಿ. ಆಗ ಬಿಸಿನೀರಿಗೆ ಅದ್ದಿ ಪುಕ್ಕ ಕೀಳುತ್ತಾರೆ. ಹೊಟ್ಟೆ ಸ್ವಚ್ಛ ಮಾಡುವಾಗ ಎದೆಯ ಮೂಳೆ ಸೀಳದಂತೆ, ಹಿಂಬದಿಯಿಂದ ಚಿಕ್ಕದಾಗಿ ಕೊಯ್ದು ತೆಗೆಯಲು ಹೇಳಿ. ಎದೆಯ ಉದ್ದಕ್ಕೂ ಸೀಳಿದ ಕೋಳಿ ಟ್ರೇಯಲ್ಲಿ ಚಪ್ಪಟೆಯಾಗಿ ಬಿಚ್ಚಿಕೊಳ್ಳುತ್ತದೆ, ಮುಂದೆ ಹೇಳುವ ಸಮಯದ ಲೆಕ್ಕ ಅದಕ್ಕೆ ಹೊಂದುವುದಿಲ್ಲ.

ತೂಕದ ವಿಷಯದಲ್ಲಿ ಗೊಂದಲ ಆಗುವುದು ಇಲ್ಲೇ. ಅಂಗಡಿಯಲ್ಲಿ ಜೀವಂತ ಕೋಳಿ ತೂಗಿ 2 ಕೆಜಿ ಎಂದರೆ, ಚರ್ಮ ಸಮೇತ ಸ್ವಚ್ಛ ಮಾಡಿದ ಮೇಲೆ ಕೈಗೆ ಬರುವುದು ಸುಮಾರು 1.4 ಕೆಜಿ. ಓವನ್ ಲೆಕ್ಕಕ್ಕೆ ಬೇಕಾದದ್ದು ಈ ಎರಡನೆಯ ತೂಕ. ಮನೆಗೆ ತಂದ ಮೇಲೆ ಅಡುಗೆಮನೆಯ ತಕ್ಕಡಿಯಲ್ಲಿ ಇನ್ನೊಮ್ಮೆ ತೂಗಿ ಬರೆದಿಟ್ಟುಕೊಳ್ಳಿ.

ಎರಡು ಎಚ್ಚರಿಕೆ. ನಾಟಿ ಕೋಳಿಯನ್ನು ಈ ವಿಧಾನಕ್ಕೆ ತರಬೇಡಿ. ವಯಸ್ಸಾದ, ಓಡಾಡಿಕೊಂಡು ಬೆಳೆದ ಕೋಳಿಯ ತೊಡೆಯ ನಾರು ಓವನ್ನಿನ ಒಣ ಬಿಸಿಗೆ ಒಂದೂವರೆ ಗಂಟೆಯಲ್ಲಿ ಬಿಡುವುದಿಲ್ಲ. ಅದು ಸಾರಿಗೇ ಸರಿ. ಇನ್ನೊಂದು, ಬೆಳಿಗ್ಗೆ ಕೊಯ್ಯಿಸಿದ ಕೋಳಿಯನ್ನು ಮಧ್ಯಾಹ್ನದ ಊಟಕ್ಕೇ ರೋಸ್ಟ್ ಮಾಡಬೇಡಿ. ಕೊಯ್ದ ಮೇಲೆ ಮಾಂಸಖಂಡಗಳು ಬಿಗಿದುಕೊಂಡು, ಕೆಲವು ಗಂಟೆಗಳ ನಂತರವಷ್ಟೇ ಸಡಿಲಾಗುತ್ತವೆ. ಬಿಗಿದಿರುವಾಗಲೇ ಬೇಯಿಸಿದರೆ ಎಷ್ಟೇ ನಾಜೂಕಾಗಿ ಮಾಡಿದರೂ ಗಟ್ಟಿ. ಹಿಂದಿನ ದಿನ ತಂದು ಒಂದು ರಾತ್ರಿ ಫ್ರಿಜ್‌ನಲ್ಲಿಟ್ಟರೆ ಈ ತೊಂದರೆ ತಾನಾಗಿ ಕಳೆಯುತ್ತದೆ, ಉಪ್ಪು ಹಿಡಿಯಲೂ ಅದೇ ಸಮಯ ಬೇಕು.

ಸೂಪರ್ ಮಾರ್ಕೆಟ್ಟಿನ ಫ್ರೋಜನ್ ಕೋಳಿಯಾದರೆ ಫ್ರಿಜ್‌ನ ಕೆಳಗಿನ ಭಾಗದಲ್ಲಿ ತಟ್ಟೆಯ ಮೇಲಿಟ್ಟು ಪೂರ್ತಿ ಒಂದು ದಿನ ಬಿಡಿ. ಕರಗಿತು ಅನ್ನಿಸಿದರೂ ಹೊಟ್ಟೆಯೊಳಗೆ ಕೈಹಾಕಿ ನೋಡಿ. ಬೆನ್ನುಮೂಳೆಯ ಹತ್ತಿರ ಐಸ್ ಉಳಿದಿದ್ದರೆ ತೊಡೆಯ ಕೀಲು ಕೊನೆಗೂ ಹಸಿಯಾಗೇ ಇರುತ್ತದೆ. ಲಿವರ್, ಕತ್ತು ಇತ್ಯಾದಿ ತುಂಬಿದ ಚಿಕ್ಕ ಪ್ಲಾಸ್ಟಿಕ್ ಚೀಲವೊಂದು ಒಳಗೆ ಇರುವುದೂ ಉಂಟು, ಅದನ್ನು ತೆಗೆದುಹಾಕಿ.

ತೊಳೆಯುವುದು, ಒಣಗಿಸುವುದು, ಉಪ್ಪು

ಹಸಿ ಕೋಳಿಯನ್ನು ನಲ್ಲಿಯ ಕೆಳಗೆ ಹಿಡಿದು ತೊಳೆದರೆ ಅದರ ಮೇಲಿನ ಬ್ಯಾಕ್ಟೀರಿಯಾ ನೀರಿನ ಹನಿಯ ಜೊತೆ ಸಿಂಕು, ಕಟ್ಟೆ, ಪಕ್ಕದಲ್ಲಿಟ್ಟ ಪಾತ್ರೆಗಳಿಗೆಲ್ಲ ಹಾರುತ್ತದೆ. ಪ್ಯಾಕೆಟ್ಟಿನ ಕೋಳಿಗೆ ತೊಳೆಯುವ ಅಗತ್ಯವೇ ಇಲ್ಲ. ಅಂಗಡಿಯ ಕೋಳಿಯಲ್ಲಿ ರಕ್ತದ ಗಡ್ಡೆ, ಪುಕ್ಕದ ಬುಡ, ಬೆನ್ನಿಗೆ ಅಂಟಿದ ಕೆಂಪು ಶ್ವಾಸಕೋಶದ ಚೂರು ಇರುತ್ತವೆ. ಅವನ್ನು ಕೈಯಿಂದ ಕಿತ್ತು ತೆಗೆಯಿರಿ. ತೊಳೆಯದೆ ಮನಸ್ಸು ಒಪ್ಪದಿದ್ದರೆ ಅಗಲವಾದ ಪಾತ್ರೆಯಲ್ಲಿ ನೀರು ತುಂಬಿ ಅದರೊಳಗೆ ಮೆಲ್ಲಗೆ ಅದ್ದಿ ತೆಗೆಯಿರಿ, ಆಮೇಲೆ ಸಿಂಕನ್ನು ಸೋಪು ಹಾಕಿ ಉಜ್ಜಿ. ಅರಿಶಿನ ಹಚ್ಚಿ ತೊಳೆಯುವ ರೂಢಿಯನ್ನು ಈ ಒಂದು ಅಡುಗೆಗೆ ಬಿಟ್ಟುಬಿಡಿ. ಕಾರಣ ಕೀಲಿನ ಪರೀಕ್ಷೆಗೆ ಬಂದಾಗ ಗೊತ್ತಾಗುತ್ತದೆ.

ಏನೇ ಮಾಡಿದರೂ ಕೊನೆಗೆ ಒಳಗೂ ಹೊರಗೂ ಟಿಶ್ಯೂ ಪೇಪರಿನಿಂದ ಒತ್ತಿ ಒತ್ತಿ ಒಣಗಿಸಬೇಕು. ಚರ್ಮದ ಮೇಲೆ ನೀರಿದ್ದರೆ ಓವನ್ನಿನ ಬಿಸಿ ಮೊದಲು ಆ ನೀರನ್ನು ಆವಿ ಮಾಡಲು ಖರ್ಚಾಗುತ್ತದೆ. ನೀರು ಆರುವ ತನಕ ಚರ್ಮದ ತಾಪಮಾನ 100 ಡಿಗ್ರಿ ದಾಟುವುದಿಲ್ಲ, ಆ ಬಿಸಿಯಲ್ಲಿ ಚರ್ಮ ಬೇಯುತ್ತದೆಯೇ ಹೊರತು ಕೆಂಪಗಾಗಿ ಗರಿಗರಿ ಆಗುವುದಿಲ್ಲ.

ಉಪ್ಪಿನ ಲೆಕ್ಕ ಸರಳ: ಒಂದು ಕೆಜಿಗೆ 12 ಗ್ರಾಂ ಪುಡಿ ಉಪ್ಪು. ನಮ್ಮ 1.4 ಕೆಜಿ ಕೋಳಿಗೆ 17 ಗ್ರಾಂ, ಅಂದರೆ ಮಟ್ಟಸವಾಗಿ 3 ಟೀ ಚಮಚ. ಇದರಲ್ಲಿ ಅರ್ಧ ಚಮಚ ಹೊಟ್ಟೆಯೊಳಗೆ, ಒಂದು ಚಮಚ ಎದೆಯ ಮೇಲೆ, ಉಳಿದದ್ದು ತೊಡೆ, ಕಾಲು, ಬೆನ್ನಿಗೆ. ತೊಡೆಯ ಒಳಬದಿ, ಅಂದರೆ ಕಾಲು ಮೈಗೆ ಅಂಟಿಕೊಂಡಿರುವ ಸಂದಿಯಲ್ಲಿ ಮರೆಯದೆ ಸವರಿ. ನಂತರ ಮುಚ್ಚದೆ, ತಟ್ಟೆಯ ಮೇಲೆ, ಫ್ರಿಜ್‌ನ ಎಲ್ಲಕ್ಕಿಂತ ಕೆಳಗಿನ ಅಂಕಣದಲ್ಲಿ ರಾತ್ರಿಯಿಡೀ ಇಡಿ. ಮೇಲಿನ ಅಂಕಣದಲ್ಲಿಟ್ಟು ಅದರ ರಸ ಕೆಳಗಿನ ಸೊಪ್ಪು ತರಕಾರಿಗೆ ತೊಟ್ಟಿಕ್ಕುವಂತಾಗಬಾರದು. ಬೆಳಿಗ್ಗೆ ಹೊತ್ತಿಗೆ ಉಪ್ಪು ಒಳಗಿಳಿದಿರುತ್ತದೆ, ಚರ್ಮ ಕಾಗದದ ಹಾಗೆ ಒಣಗಿ ಬಿಗಿದಿರುತ್ತದೆ. ಅದೇ ಬೇಕಾದದ್ದು.

ಮಸಾಲೆ ಎಲ್ಲಿ ಹಾಕಬೇಕು

ತಂದೂರಿ ಅಭ್ಯಾಸದಿಂದ ಮೊಸರು, ಶುಂಠಿ-ಬೆಳ್ಳುಳ್ಳಿ ಪೇಸ್ಟ್, ಖಾರದ ಪುಡಿ ಕಲಸಿ ಮೇಲೆಲ್ಲ ದಪ್ಪಗೆ ಬಳಿಯುವವರು ಹೆಚ್ಚು. ತುಂಡು ಮಾಡಿದ ಕೋಳಿಗೆ ಅದು ಸರಿ. ಇಡೀ ಕೋಳಿ ಒಂದೂಕಾಲು ಗಂಟೆಗೂ ಹೆಚ್ಚು ಓವನ್‌ನಲ್ಲಿ ಇರುವುದರಿಂದ ಮೇಲಿನ ಪೇಸ್ಟು ಅರ್ಧ ದಾರಿಯಲ್ಲೇ ಕಪ್ಪಾಗಿ ಕಹಿಯಾಗುತ್ತದೆ, ಅದರ ಅಡಿಯ ಚರ್ಮ ಮಾತ್ರ ಮೆತ್ತಗೆ ಉಳಿಯುತ್ತದೆ.

ಒದ್ದೆ ಮಸಾಲೆ ಏನಿದ್ದರೂ ಚರ್ಮದ ಅಡಿಗೆ ಹೋಗಲಿ. ಕತ್ತಿನ ಬದಿಯಿಂದ ಬೆರಳು ತೂರಿಸಿ ಎದೆಯ ಚರ್ಮವನ್ನು ಹರಿಯದಂತೆ ಮೆಲ್ಲಗೆ ಸಡಿಲಿಸಿ. ಬೆರಳನ್ನು ಇನ್ನೂ ಮುಂದಕ್ಕೆ ತಳ್ಳಿದರೆ ತೊಡೆಯವರೆಗೂ ಜಾಗವಾಗುತ್ತದೆ. ಉಗುರು ಉದ್ದವಿದ್ದರೆ ಚಮಚದ ಬೆನ್ನು ಬಳಸಿ. 30 ಗ್ರಾಂ ಬೆಣ್ಣೆಗೆ ಜಜ್ಜಿದ ನಾಲ್ಕೈದು ಎಸಳು ಬೆಳ್ಳುಳ್ಳಿ, ಒಂದು ಟೀ ಚಮಚ ತರಿತರಿ ಕುಟ್ಟಿದ ಕಾಳುಮೆಣಸು, ಸಣ್ಣಗೆ ಹೆಚ್ಚಿದ ಕೊತ್ತಂಬರಿ ಕಲಸಿ ಒಳಗೆ ತುಂಬಿ, ಹೊರಗಿನಿಂದ ಸವರಿ ಹರಡಿ. ಚರ್ಮದ ಮೇಲೆ ಒಂದು ಚಮಚ ತುಪ್ಪ ಅಥವಾ ಎಣ್ಣೆ ಸವರಿದರೆ ಸಾಕು. ಬಣ್ಣಕ್ಕೆ ಬ್ಯಾಡಗಿ ಮೆಣಸಿನ ಪುಡಿ ಬೇಕೇ ಬೇಕು ಅನ್ನುವವರು ಆ ತುಪ್ಪದಲ್ಲಿ ಅರ್ಧ ಚಮಚ ಕಲಸಿ ಕೊನೆಯ 20 ನಿಮಿಷದಲ್ಲಿ ಹಚ್ಚಬಹುದು.

ಹೊಟ್ಟೆಯೊಳಗೆ ಅರ್ಧ ನಿಂಬೆಹಣ್ಣು, ಅಡ್ಡಕ್ಕೆ ಕತ್ತರಿಸಿದ ಒಂದು ಬೆಳ್ಳುಳ್ಳಿ ಗಡ್ಡೆ ಇಟ್ಟರೆ ಘಮ ಬರುತ್ತದೆ, ಬಿಸಿ ಗಾಳಿ ಓಡಾಡಲೂ ಜಾಗ ಇರುತ್ತದೆ. ಅನ್ನವನ್ನೋ ಮೊಟ್ಟೆಯನ್ನೋ ಗಿಡಿದು ತುಂಬಿದರೆ ಆ ಹೂರಣವೂ 74 ಡಿಗ್ರಿ ಮುಟ್ಟಬೇಕು, ಅಷ್ಟರಲ್ಲಿ ಎದೆ ಒಣಗಿ ಹೋಗಿರುತ್ತದೆ. ಪುಲಾವ್ ಬೇಕಿದ್ದರೆ ಬೇರೆ ಪಾತ್ರೆಯಲ್ಲಿ ಮಾಡಿಕೊಳ್ಳಿ.

ಕಾಲುಗಳನ್ನು ದಾರದಿಂದ ಬಿಗಿಯಾಗಿ ಕಟ್ಟಿದರೆ ನೋಡಲು ಚೆಂದ, ಬೇಯಲು ಕೆಟ್ಟದ್ದು. ಬಿಗಿದಷ್ಟೂ ತೊಡೆಯ ಸಂದಿ ಮುಚ್ಚಿಕೊಳ್ಳುತ್ತದೆ, ಬಿಸಿ ತಲುಪಲು ಕಷ್ಟವಿರುವ ಜಾಗಕ್ಕೆ ಇನ್ನೊಂದು ಬಾಗಿಲು ಹಾಕಿದಂತೆ. ಕಾಲಿನ ತುದಿಗಳನ್ನು ಸಡಿಲವಾಗಿ ಒಮ್ಮೆ ಸುತ್ತಿ ಬಿಡಿ, ಇಲ್ಲವೇ ಕಟ್ಟಲೇಬೇಡಿ. ರೆಕ್ಕೆಯ ತುದಿಗಳನ್ನು ಮಾತ್ರ ಬೆನ್ನಿನ ಅಡಿಗೆ ಮಡಚಿ ಸಿಕ್ಕಿಸಿ, ಹೊರಗಿದ್ದರೆ ಸುಟ್ಟು ಕರಕಲಾಗುತ್ತವೆ.

ಓವನ್ ಸಿದ್ಧ ಮಾಡುವುದು

ಮೇಲಿನ ಮತ್ತು ಕೆಳಗಿನ ಎರಡೂ ರಾಡ್ ಉರಿಯುವ ಸೆಟ್ಟಿಂಗ್, 190 ಡಿಗ್ರಿ. ಫ್ಯಾನ್ ಚಾಲೂ ಇದ್ದರೆ 170. ದೀಪ ಆರಿದ ಮೇಲೂ ಐದು ನಿಮಿಷ ಬಿಟ್ಟು, ಒಟ್ಟು 15ರಿಂದ 20 ನಿಮಿಷ ಬಿಸಿ ಮಾಡಿ. ಒಟಿಜಿಯ ಗುಂಡಿಯ ಮೇಲೆ ಬರೆದ ಸಂಖ್ಯೆಯನ್ನು ಪೂರ್ತಿ ನಂಬಬೇಡಿ. 20 ಡಿಗ್ರಿ ಆಚೀಚೆ ಇರುವುದು ಮಾಮೂಲಿ. ಓವನ್ನಿನೊಳಗೆ ತೂಗುಹಾಕುವ ಚಿಕ್ಕ ಥರ್ಮಾಮೀಟರ್ ಒಂದಿದ್ದರೆ ಒಮ್ಮೆ ನೋಡಿಕೊಂಡು ಗುಂಡಿಯನ್ನು ಅದಕ್ಕೆ ತಕ್ಕಂತೆ ತಿರುಗಿಸಬಹುದು.

ಒಟಿಜಿಯಲ್ಲಿ ಜಾಗವೇ ದೊಡ್ಡ ಸಮಸ್ಯೆ. ಟ್ರೇಯನ್ನು ಎಲ್ಲಕ್ಕಿಂತ ಕೆಳಗಿನ ಹಂತದಲ್ಲಿಡಿ. ಕೋಳಿಯ ಎದೆಗೂ ಮೇಲಿನ ರಾಡಿಗೂ ಕಡಿಮೆಯೆಂದರೂ ನಾಲ್ಕು ಬೆರಳು ಅಂತರ ಇರಬೇಕು. ಇಲ್ಲದಿದ್ದರೆ ಅರ್ಧ ಗಂಟೆಯಲ್ಲಿ ಎದೆ ಕಪ್ಪಾಗಿ, ತೊಡೆಯೊಳಗೆ ಮಾಂಸ ಹಸಿಯಾಗೇ ಇರುತ್ತದೆ. ಓವನ್ ಬಿಸಿ ಮಾಡುವ ಮೊದಲೇ ಖಾಲಿ ಓವನ್‌ನಲ್ಲಿ ಕೋಳಿ ಇಟ್ಟು ಅಳತೆ ನೋಡಿಕೊಳ್ಳುವುದು ಒಳ್ಳೆಯದು. 20 ಲೀಟರಿನ ಓವನ್ ಆದರೆ 1 ಕೆಜಿಗಿಂತ ದೊಡ್ಡ ಕೋಳಿಗೆ ಆಸೆಪಡಬೇಡಿ.

ಕೋಳಿಯನ್ನು ಟ್ರೇಯ ತಳಕ್ಕೆ ನೇರವಾಗಿ ಇಟ್ಟರೆ ಬೆನ್ನು ತನ್ನದೇ ಕೊಬ್ಬಿನಲ್ಲಿ ನೆನೆದು ಲೊಳಲೊಳ ಆಗುತ್ತದೆ. ಜಾಲರಿ ಇಟ್ಟು ಅದರ ಮೇಲೆ ಕೂರಿಸಿ. ಜಾಲರಿಗೆ ಎತ್ತರ ಸಾಲದಿದ್ದರೆ ದಪ್ಪ ಬಿಲ್ಲೆಗಳಾಗಿ ಹೆಚ್ಚಿದ ಆಲೂಗಡ್ಡೆ, ಈರುಳ್ಳಿ, ಕ್ಯಾರೆಟ್ ಹಾಸಿ ಅದರ ಮೇಲಿಡಿ. ಕೋಳಿಯ ರಸ ಕುಡಿದ ಆ ಆಲೂಗಡ್ಡೆಗೆ ಮನೆಯಲ್ಲಿ ಜಗಳ ಆಗುವುದುಂಟು. ಜಾಲರಿ ಬಳಸಿದರೆ ಟ್ರೇಗೆ ಒಂದು ಲೋಟ ನೀರು ಹಾಕಿ, ಇಲ್ಲದಿದ್ದರೆ ತೊಟ್ಟಿಕ್ಕಿದ ಕೊಬ್ಬು ಸುಟ್ಟು ಅಡುಗೆಮನೆ ತುಂಬಾ ಹೊಗೆ.

ಹೆಚ್ಚಿನ ಓವನ್‌ಗಳಲ್ಲಿ ಹಿಂಬದಿ ಹೆಚ್ಚು ಬಿಸಿ, ಬಾಗಿಲಿನ ಬದಿ ಕಡಿಮೆ. ಹಾಗಾಗಿ ಕಾಲುಗಳು ಹಿಂದಕ್ಕೆ, ಎದೆಯ ಮೊನೆ ಬಾಗಿಲಿನತ್ತ ಬರುವಂತೆ ಇಡಿ. ಇಷ್ಟರಿಂದಲೇ ತೊಡೆ ಮತ್ತು ಎದೆಯ ನಡುವಿನ ಅಂತರ ಕೊಂಚ ಕಡಿಮೆಯಾಗುತ್ತದೆ.

ತೂಕಕ್ಕೆ ಎಷ್ಟು ಸಮಯ

190 ಡಿಗ್ರಿಯಲ್ಲಿ ಕೆಜಿಗೆ 45 ನಿಮಿಷ, ಅದರ ಮೇಲೆ 20 ನಿಮಿಷ. 1 ಕೆಜಿಗೆ 65 ನಿಮಿಷ, 1.2 ಕೆಜಿಗೆ 74, 1.4 ಕೆಜಿಗೆ 83, 1.6 ಕೆಜಿಗೆ 92, 1.8 ಕೆಜಿಗೆ 101. ಆ ಹೆಚ್ಚುವರಿ 20 ನಿಮಿಷ ಯಾಕೆಂದರೆ, ಕೋಳಿ ಚಿಕ್ಕದಿರಲಿ ದೊಡ್ಡದಿರಲಿ, ಹೊರಗಿನ ಬಿಸಿ ಒಳಗಿಳಿದು ಮಾಂಸ ಬೇಯಲು ಶುರುವಾಗುವ ಮುನ್ನ ಸ್ವಲ್ಪ ಹೊತ್ತು ಕಳೆಯಲೇಬೇಕು. 1ರಿಂದ 2 ಕೆಜಿಯ ಒಳಗೆ ಈ ಲೆಕ್ಕ ನಡೆಯುತ್ತದೆ. ಅದಕ್ಕಿಂತ ದೊಡ್ಡದಕ್ಕೆ ಇದೇ ಸೂತ್ರ ಹಿಡಿದರೆ ಅಗತ್ಯಕ್ಕಿಂತ ಹೆಚ್ಚು ಸಮಯ ತೋರಿಸುತ್ತದೆ.

ಈ ಸಂಖ್ಯೆಯನ್ನು ಅಂದಾಜಾಗಿ ಮಾತ್ರ ನೋಡಿ. ಫ್ರಿಜ್‌ನಿಂದ ಆಗಷ್ಟೇ ತೆಗೆದ ಕೋಳಿ, ಹತ್ತು ಸಲ ಬಾಗಿಲು ತೆರೆದು ನೋಡಿದ ಓವನ್, ವೋಲ್ಟೇಜ್ ಇಳಿದ ಭಾನುವಾರದ ಮಧ್ಯಾಹ್ನ, ಇವೆಲ್ಲ ಹತ್ತು ಹದಿನೈದು ನಿಮಿಷ ನುಂಗುತ್ತವೆ. ಅದೇ ರೀತಿ ಹೆಚ್ಚು ಬಿಸಿಯಾಗುವ ಓವನ್ ಹತ್ತು ನಿಮಿಷ ಬೇಗ ಮುಗಿಸಿಬಿಡುತ್ತದೆ. ಹಾಗಾಗಿ ಲೆಕ್ಕದ ಸಮಯಕ್ಕಿಂತ 15 ನಿಮಿಷ ಮೊದಲೇ ಮೊದಲ ಸಲ ನೋಡಬೇಕು. ಅದಕ್ಕೂ ಮುಂಚೆ ಬಾಗಿಲು ತೆರೆಯುವ ಕೆಲಸ ಒಂದೇ: ಅರ್ಧ ದಾರಿಯಲ್ಲಿ ಟ್ರೇಯನ್ನು ಗಮನಿಸಿ, ನೀರು ಆರಿದ್ದರೆ ಇನ್ನಷ್ಟು ಹಾಕಿ, ಎದೆ ಆಗಲೇ ಕಡು ಕಂದಾಗಿದ್ದರೆ ಎದೆಗೆ ಮಾತ್ರ ಒಂದು ತುಂಡು ಫಾಯಿಲ್ ಹೊದಿಸಿ. ತೊಡೆಗೆ ಹೊದಿಸಬಾರದು.

ಮಧ್ಯದಲ್ಲಿ ಕರೆಂಟ್ ಹೋದರೆ ಬಾಗಿಲು ತೆರೆಯಬೇಡಿ. ಹತ್ತು ನಿಮಿಷದೊಳಗೆ ಬಂದರೆ ಅಷ್ಟೇ ಸಮಯ ಸೇರಿಸಿ ಮುಂದುವರಿಸಿ. ಬರುವ ಲಕ್ಷಣ ಇಲ್ಲದಿದ್ದರೆ ಅರೆಬೆಂದ ಕೋಳಿಯನ್ನು ಹಾಗೇ ಬಿಟ್ಟು ಕಾಯುತ್ತಾ ಕೂರಬೇಡಿ. ತುಂಡು ಮಾಡಿ ಮುಚ್ಚಳ ಹಾಕಿದ ಬಾಣಲೆಯಲ್ಲಿ ಗ್ಯಾಸ್ ಮೇಲೆ ಬೇಯಿಸಿ ಮುಗಿಸಿ. ಉಗುರುಬೆಚ್ಚಗಿನ ಅರೆಬೆಂದ ಮಾಂಸಕ್ಕಿಂತ ಬ್ಯಾಕ್ಟೀರಿಯಾಕ್ಕೆ ಒಳ್ಳೆಯ ಮನೆ ಇನ್ನೊಂದಿಲ್ಲ.

ತೊಡೆಯ ಕೀಲು ನೋಡುವುದು

ಚೂಪಾದ ಮೊನೆಯ ಡಿಜಿಟಲ್ ಅಡುಗೆ ಥರ್ಮಾಮೀಟರ್ ಇದ್ದರೆ ಅರ್ಧ ಕೆಲಸ ಮುಗಿದಂತೆ. ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಮೊದಲು ಅದು ಸರಿ ತೋರಿಸುತ್ತಿದೆಯೇ ನೋಡಿ: ಕುಟ್ಟಿದ ಐಸ್ ತುಂಬಿ ಸ್ವಲ್ಪ ನೀರು ಹಾಕಿದ ಲೋಟದಲ್ಲಿ 0 ಬರಬೇಕು. ಕುದಿಯುವ ನೀರಿನಲ್ಲಿ ಮಂಗಳೂರಿನಲ್ಲಿ 100 ತೋರಿಸಿದರೆ ಬೆಂಗಳೂರಿನಲ್ಲಿ 97 ತೋರಿಸುತ್ತದೆ. ಎತ್ತರದ ಊರಿನಲ್ಲಿ ನೀರು ಕಡಿಮೆ ಬಿಸಿಗೇ ಕುದಿಯುವುದರಿಂದ ಅದು ಉಪಕರಣದ ದೋಷವಲ್ಲ.

ಇನ್ನು ಎಲ್ಲಿ ಚುಚ್ಚಬೇಕು ಎಂಬುದು. ಟ್ರೇಯನ್ನು ಹೊರಗೆಳೆದು ಓವನ್ ಬಾಗಿಲು ಮುಚ್ಚಿ. ಕಾಲಿನ ತುದಿ ಹಿಡಿದು ಸ್ವಲ್ಪ ಹೊರಕ್ಕೆ ಬಾಗಿಸಿದರೆ ಎದೆಗೂ ತೊಡೆಗೂ ನಡುವೆ ಚರ್ಮದ ಒಂದು ಮಡಿಕೆ ಕಾಣುತ್ತದೆ. ಆ ಮಡಿಕೆಯ ಹತ್ತಿರ ತೊಡೆಯ ಒಳಬದಿ ಎಲ್ಲಕ್ಕಿಂತ ದಪ್ಪಗಿರುತ್ತದೆ. ಮೊನೆಯನ್ನು ಎದೆಯ ಕಡೆಯಿಂದ ತೊಡೆಯ ಆ ದಪ್ಪ ಭಾಗಕ್ಕೆ, ಕೀಲಿನ ದಿಕ್ಕಿಗೆ ತೂರಿಸಿ. ಗಟ್ಟಿಯಾಗಿ ತಾಗಿದರೆ ಅದು ಮೂಳೆ. ಅರ್ಧ ಸೆಂಟಿಮೀಟರ್ ಹಿಂದಕ್ಕೆ ಎಳೆಯಿರಿ. ಮೂಳೆಗೆ ತಾಗಿದ ಮೊನೆ ಮಾಂಸದ ಬಿಸಿಯನ್ನು ತೋರಿಸುವುದಿಲ್ಲ. ಚರ್ಮ ದಾಟಿ ಹೊಟ್ಟೆಯ ಖಾಲಿ ಜಾಗಕ್ಕೆ ಹೋದರೂ ತಪ್ಪು ಸಂಖ್ಯೆ ಬರುತ್ತದೆ. ಒಂದೇ ಸಲ ಚುಚ್ಚಿ ನಿಲ್ಲಿಸದೆ ಮೊನೆಯನ್ನು ಮೆಲ್ಲಗೆ ಹಿಂದೆಳೆಯುತ್ತಾ ಸಂಖ್ಯೆ ನೋಡುತ್ತಾ ಹೋಗಿ. ಎಲ್ಲಿ ಎಲ್ಲಕ್ಕಿಂತ ಕಡಿಮೆ ಬರುತ್ತದೋ ಅದೇ ಲೆಕ್ಕಕ್ಕೆ. ಎರಡೂ ತೊಡೆ ನೋಡಿ, ಯಾಕೆಂದರೆ ಎಡಕ್ಕೂ ಬಲಕ್ಕೂ ನಾಲ್ಕೈದು ಡಿಗ್ರಿ ವ್ಯತ್ಯಾಸ ಇರಬಹುದು. ತೊಡೆಯ ತಣ್ಣನೆಯ ಜಾಗ 79-80, ಎದೆಯ ಮಧ್ಯ 74 ಇದ್ದರೆ ತೆಗೆಯಿರಿ. 74ಕ್ಕಿಂತ ಕಡಿಮೆ ಎಲ್ಲಿಯೂ ಇರಬಾರದು.

ನಮ್ಮ 1.4 ಕೆಜಿ ಕೋಳಿ 11:30ಕ್ಕೆ ಒಳಗೆ ಹೋಯಿತು ಅಂದುಕೊಳ್ಳಿ. ಲೆಕ್ಕದ ಪ್ರಕಾರ 12:53ಕ್ಕೆ ಮುಗಿಯಬೇಕು, ಮೊದಲ ಪರೀಕ್ಷೆ 12:38ಕ್ಕೆ. ಆಗ ಬಲ ತೊಡೆ 71, ಎಡ ತೊಡೆ 68 ತೋರಿಸಿತು. ಎಡವೇ ತಣ್ಣಗಿರುವುದರಿಂದ ಅದನ್ನೇ ಹಿಡಿಯಬೇಕು. ಜೊತೆಗೆ ಟ್ರೇಯನ್ನು ತಿರುಗಿಸಿ ಎಡ ತೊಡೆ ಓವನ್ನಿನ ಹೆಚ್ಚು ಬಿಸಿಯ ಬದಿಗೆ ಬರುವಂತೆ ಇಡಬಹುದು. ಹತ್ತು ನಿಮಿಷ ಬಿಟ್ಟು 12:48ಕ್ಕೆ ಎಡ ತೊಡೆ 75. ಅಂದರೆ ಹತ್ತು ನಿಮಿಷಕ್ಕೆ 7 ಡಿಗ್ರಿ ಏರಿದೆ, 80ಕ್ಕೆ ಇನ್ನು 7 ನಿಮಿಷ ಸಾಕು. 12:55ಕ್ಕೆ ತೆಗೆದಾಗ ತೊಡೆ 80, ಎದೆ 75. ಹೀಗೆ ಎರಡು ಸಲ ನೋಡಿದರೆ ಮೂರನೆಯದನ್ನು ಊಹಿಸಬಹುದು, ಐದೈದು ನಿಮಿಷಕ್ಕೆ ಚುಚ್ಚುತ್ತಾ ಕೂರಬೇಕಿಲ್ಲ.

ಥರ್ಮಾಮೀಟರ್ ಇಲ್ಲದಿದ್ದರೆ ಕೀಲನ್ನೇ ಕೈಯಿಂದ ಓದಬೇಕು. ಬಟ್ಟೆ ಸುತ್ತಿಕೊಂಡು ಕಾಲಿನ ತುದಿ ಹಿಡಿದು ಮೇಲೆ ಕೆಳಗೆ ಆಡಿಸಿ. ಹಸಿಯಿದ್ದರೆ ಸ್ಪ್ರಿಂಗಿನಂತೆ ಹಿಂದಕ್ಕೆ ಎಳೆಯುತ್ತದೆ, ಕಾಲಿನ ಜೊತೆ ಇಡೀ ಕೋಳಿ ಅಲುಗುತ್ತದೆ. ಬೆಂದಿದ್ದರೆ ಕಾಲು ಮಾತ್ರ ಸಲೀಸಾಗಿ ತಿರುಗುತ್ತದೆ, ಕೀಲು ಸಡಿಲಾದದ್ದು ಕೈಗೆ ತಿಳಿಯುತ್ತದೆ. ಆಮೇಲೆ ಎದೆ ಮತ್ತು ತೊಡೆಯ ನಡುವಿನ ಚರ್ಮವನ್ನು ಚಾಕುವಿನಿಂದ ಸೀಳಿ ಕಾಲನ್ನು ಹೊರಕ್ಕೆ ಬಾಗಿಸಿ, ಕೀಲಿನ ಒಳಗೆ ನೋಡಿ. ಮಾಂಸ ಮಂಕಾದ ಬಿಳಿ-ಕಂದು ಬಣ್ಣಕ್ಕೆ ತಿರುಗಿ ನಾರು ನಾರಾಗಿ ಬಿಡಿಸಿಕೊಳ್ಳುತ್ತಿರಬೇಕು, ಮೂಳೆಯ ತುದಿಯಿಂದ ತಾನಾಗಿ ಹಿಂದೆ ಸರಿದಿರಬೇಕು. ಹೊಳೆಯುವ, ಜಾರುವ, ಅಂಟಾದ ಗುಲಾಬಿ ಮಾಂಸ ಕಂಡರೆ ಅದು ಹಸಿ. ಚರ್ಮ ಸೀಳಿದ್ದರಿಂದ ಅಂದ ಕೆಡುತ್ತದೆ ಎಂದು ಹಿಂಜರಿಯಬೇಡಿ, ಬಡಿಸುವಾಗ ಅಲ್ಲೇ ಕತ್ತರಿಸುವುದು.

ತೊಡೆಗೆ ಚುಚ್ಚಿದಾಗ ಬರುವ ರಸ ತಿಳಿಯಾಗಿದ್ದರೆ ಬೆಂದಿದೆ, ಕೆಂಪಾಗಿದ್ದರೆ ಹಸಿ ಎಂಬ ಹಳೆಯ ಮಾತಿಗೆ ನಮ್ಮ ಅಡುಗೆಯಲ್ಲಿ ಬೆಲೆ ಕಡಿಮೆ. ಅರಿಶಿನ ಹಚ್ಚಿದ ಕೋಳಿಯ ರಸ ಹೇಗಿದ್ದರೂ ಹಳದಿ. ಬ್ಯಾಡಗಿ ಪುಡಿ ಚರ್ಮದ ಅಡಿಗೆ ಹೋಗಿದ್ದರೆ ಚೆನ್ನಾಗಿ ಬೆಂದ ಕೋಳಿಯಿಂದಲೂ ಕೆಂಪು ಎಣ್ಣೆಯೇ ಇಳಿಯುತ್ತದೆ. ಅರಿಶಿನ ಬೇಡ, ಮೆಣಸಿನ ಪುಡಿ ಕೊನೆಗೆ ಎಂದು ಹೇಳಿದ್ದು ಇದಕ್ಕೇ. ಸರಳವಾಗಿ ಉಪ್ಪು ಮೆಣಸು ಹಾಕಿದ ಕೋಳಿಯಲ್ಲೂ ತಿಳಿ ರಸ ಪೂರ್ತಿ ಭರವಸೆ ಕೊಡುವುದಿಲ್ಲ, ಕೆಲವೊಮ್ಮೆ ಸುರಕ್ಷಿತ ಬಿಸಿ ಮುಟ್ಟುವ ಮೊದಲೇ ರಸ ತಿಳಿಯಾಗಿರುತ್ತದೆ.

ಇದರ ಉಲ್ಟಾ ಪ್ರಕರಣವೂ ಇದೆ, ಅದರಿಂದಲೇ ಎಷ್ಟೋ ಕೋಳಿ ಒಣಗಿ ಹಾಳಾಗುತ್ತವೆ. ಥರ್ಮಾಮೀಟರ್ 82 ತೋರಿಸುತ್ತಿದೆ, ಕೀಲು ಸಡಿಲಾಗಿದೆ, ಆದರೆ ಮೂಳೆಯ ಪಕ್ಕ ಮಾತ್ರ ಕೆಂಪು ಅಥವಾ ಕಪ್ಪು ಕಲೆ. ಬ್ರಾಯ್ಲರ್ ಕೋಳಿಯನ್ನು ಕೆಲವೇ ವಾರಗಳ ವಯಸ್ಸಿಗೆ ಕೊಯ್ಯುವುದರಿಂದ ಮೂಳೆ ಇನ್ನೂ ಗಟ್ಟಿಯಾಗಿರುವುದಿಲ್ಲ. ಒಳಗಿನ ಮಜ್ಜೆಯ ಬಣ್ಣ ಮೂಳೆಯಿಂದ ಒಸರಿ ಸುತ್ತಲಿನ ಮಾಂಸಕ್ಕೆ ಇಳಿಯುತ್ತದೆ. ಫ್ರೋಜನ್ ಕೋಳಿಯಲ್ಲಿ ಇದು ಇನ್ನೂ ಹೆಚ್ಚು. ಮಾಂಸದ ನಾರು ಬಿಡಿಸಿಕೊಂಡಿದ್ದು, ಬಿಸಿ ಸರಿಯಾಗಿದ್ದರೆ ಆ ಕಲೆಯನ್ನು ನೋಡಿ ಮತ್ತೆ ಓವನ್ನಿಗೆ ತಳ್ಳಬೇಡಿ.

ಬಡಿಸುವ ಮುನ್ನ

ತೆಗೆದ ಕೂಡಲೇ ಕತ್ತರಿಸಿದರೆ ರಸವೆಲ್ಲ ಹಲಗೆಯ ಮೇಲೆ. 15 ನಿಮಿಷ ಹಾಗೇ ಬಿಡಿ. ಫಾಯಿಲ್ ಬಿಗಿಯಾಗಿ ಮುಚ್ಚಿದರೆ ಆವಿ ಹಿಡಿದು ಗರಿ ಚರ್ಮ ಒದ್ದೆಯಾಗುತ್ತದೆ, ಬೇಕಿದ್ದರೆ ಸಡಿಲವಾಗಿ ಮೇಲೊಂದು ಹೊದಿಸಿ. ಈ ಹೊತ್ತಿನಲ್ಲಿ ಒಳಗಿನ ಬಿಸಿ ಇನ್ನೂ ಎರಡು ಮೂರು ಡಿಗ್ರಿ ಏರಬಹುದು. ಟ್ರೇಯಲ್ಲಿ ಉಳಿದ ರಸದ ಮೇಲಿನ ಕೊಬ್ಬನ್ನು ಚಮಚದಲ್ಲಿ ತೆಗೆದು, ಉಳಿದದ್ದನ್ನು ಕುದಿಸಿ ನಿಂಬೆರಸ ಹಿಂಡಿದರೆ ಮೇಲೆ ಹಾಕಿಕೊಳ್ಳುವ ಗ್ರೇವಿ ಸಿದ್ಧ.

ಕತ್ತರಿಸುವುದನ್ನು ತೊಡೆಯಿಂದ ಶುರು ಮಾಡಿ. ಮಡಿಕೆಯ ಚರ್ಮ ಕೊಯ್ದು ಕಾಲನ್ನು ಹೊರಕ್ಕೆ ಒತ್ತಿದರೆ ಕೀಲು ಟಕ್ಕೆಂದು ಬಿಟ್ಟುಕೊಳ್ಳುತ್ತದೆ. ಚಾಕು ಮೂಳೆಗೆ ಬಡಿಯದೆ ಆ ಸಂದಿಯಲ್ಲೇ ಹಾಯಬೇಕು. ಅಲ್ಲಿ ಹಸಿ ಕಂಡರೆ ಇಡೀ ಕೋಳಿಯನ್ನು ಮತ್ತೆ ಒಳಗಿಡಬೇಡಿ. ಎರಡೂ ಕಾಲುಗಳನ್ನು ಬಿಡಿಸಿ, ಹಸಿ ಬದಿ ಮೇಲಕ್ಕೆ ಮಾಡಿ, 200 ಡಿಗ್ರಿಯಲ್ಲಿ 10ರಿಂದ 12 ನಿಮಿಷ ಇಡಿ. ಎದೆಗೆ ಫಾಯಿಲ್ ಹೊದಿಸಿ ಹೊರಗೇ ಇರಲಿ.

ಬೇರೆ ಸಂದರ್ಭಗಳು

ಚರ್ಮವಿಲ್ಲದ ಕೋಳಿಯೇ ಸಿಕ್ಕಿದರೆ ಕೆಲಸ ಆಗುತ್ತದೆ, ಆದರೆ ರಕ್ಷಣೆಯೂ ಕೊಬ್ಬೂ ಇಲ್ಲದ ಎದೆ ಬೇಗ ಒಣಗುತ್ತದೆ. ಮೊಸರಿನ ಮಸಾಲೆಗೆ ಸರಿಯಾದ ಜಾಗ ಇದು. ಮೈಗೆಲ್ಲ ಬಳಿದು, ಫಾಯಿಲ್‌ನಿಂದ ಟ್ರೇ ಮುಚ್ಚಿ, ಲೆಕ್ಕದ ಸಮಯದ ಮೂರನೇ ಎರಡು ಭಾಗ ಬೇಯಿಸಿ, ಉಳಿದ ಹೊತ್ತು ತೆರೆದು ತುಪ್ಪ ಸವರುತ್ತಾ ಕೆಂಪಗೆ ಮಾಡಿ. ತೊಡೆಗೆ ಆಳವಾದ ಎರಡು ಗೀರು ಹಾಕಿದರೆ ಮಸಾಲೆಯೂ ಬಿಸಿಯೂ ಒಳಗಿಳಿಯುತ್ತವೆ.

ಕನ್ವೆಕ್ಷನ್ ಮೈಕ್ರೋವೇವ್‌ನಲ್ಲಿ ಮಾಡುವುದಾದರೆ ಕನ್ವೆಕ್ಷನ್ ಮಾತ್ರ ಬಳಸಿ, 180 ಡಿಗ್ರಿ, ಚಿಕ್ಕ ಸ್ಟ್ಯಾಂಡ್ ಮೇಲೆ. ಹೊರಗೆ ಬೇಗ ಕೆಂಪಾಗುತ್ತದೆ. ಅದನ್ನು ನೋಡಿ ಮೋಸ ಹೋಗದೆ ತೊಡೆಯನ್ನು ಪರೀಕ್ಷಿಸಿ. ಒಟಿಜಿಯ ತಿರುಗುವ ಸಲಾಕೆಗೆ ಹಾಕಿದರೆ ಮಾತ್ರ ಕಾಲು ರೆಕ್ಕೆಗಳನ್ನು ಬಿಗಿಯಾಗಿ ಕಟ್ಟಲೇಬೇಕು, ಇಲ್ಲದಿದ್ದರೆ ತಿರುಗುವಾಗ ರಾಡಿಗೆ ತಾಗುತ್ತವೆ. ಆಗ ತೊಡೆಗೆ ಹತ್ತು ನಿಮಿಷ ಹೆಚ್ಚು ಹಿಡಿಯುತ್ತದೆ.

ಉಳಿದ ಮಾಂಸವನ್ನು ಎರಡು ಗಂಟೆಯೊಳಗೆ ಮೂಳೆಯಿಂದ ಬಿಡಿಸಿ ಫ್ರಿಜ್‌ಗೆ ಹಾಕಿ, ಮೂರು ದಿನದೊಳಗೆ ಮುಗಿಸಿ. ಬಿಸಿ ಮಾಡುವಾಗ ಹಬೆಯಾಡುವಷ್ಟು ಕಾಯಿಸಬೇಕು. ಎದೆಯ ಮಾಂಸ ಎರಡನೇ ಬಿಸಿಗೆ ಗಟ್ಟಿಯಾಗುವುದರಿಂದ ಅದನ್ನು ಸ್ಯಾಂಡ್‌ವಿಚ್‌ಗೆ ತಣ್ಣಗೇ ಬಳಸಿ, ತೊಡೆಯ ಮಾಂಸವನ್ನು ಫ್ರೈಡ್ ರೈಸ್‌ಗೋ ಪಲ್ಯಕ್ಕೋ ಹಾಕಿ. ಮೂಳೆಗಳಿಗೆ ಒಂದೂವರೆ ಲೀಟರ್ ನೀರು, ಒಂದು ಈರುಳ್ಳಿ, ಹತ್ತು ಕಾಳುಮೆಣಸು ಹಾಕಿ ಕುಕ್ಕರಿನಲ್ಲಿ ಸಣ್ಣ ಉರಿಯಲ್ಲಿ ಅರ್ಧ ಗಂಟೆ ಬಿಟ್ಟರೆ ಮರುದಿನದ ಸೂಪಿಗೆ ಬೇಕಾದ ರಸ ಸಿಗುತ್ತದೆ. ಉಪ್ಪು ಮೂಳೆಗಳಲ್ಲೇ ಇರುವುದರಿಂದ ರುಚಿ ನೋಡಿದ ಮೇಲಷ್ಟೇ ಹಾಕಿ.